‘ಅಳಿಲು ಸೇವೆ’ ಎಂದು ಬರೆಯುವ ಮುನ್ನ: ಸ್ವಂತ ಕೆಲಸದ ಬಗ್ಗೆ ಅಳುಕಿಲ್ಲದೆ ಬರೆಯುವುದು ಹೇಗೆ

ಗೆಳತಿಯೊಬ್ಬಳು ಬಡ್ತಿಗೆ ಅರ್ಜಿ ಹಾಕುತ್ತಿದ್ದಳು. ಆಸ್ಪತ್ರೆಯೊಂದರ ದಾಖಲೆ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಕೆಲಸ. ಅರ್ಜಿಯಲ್ಲಿ ಒಂದು ಖಾನೆ ಇತ್ತು: ‘ನಿಮ್ಮ ಮುಖ್ಯ ಸಾಧನೆಯನ್ನು ವಿವರಿಸಿ.’ ಮೂರು ಸಂಜೆ ಕೂತು ಬರೆದದ್ದನ್ನು ನನ್ನ ಕೈಗೆ ಕೊಟ್ಟಳು. ಅದು ಇಷ್ಟೇ:

‘ನಮ್ಮ ವಿಭಾಗದಲ್ಲಿ ಫೈಲುಗಳ ಜೋಡಣೆಯಲ್ಲಿ ಕೆಲವು ಸುಧಾರಣೆಗಳು ಆದವು. ಹಿರಿಯರ ಮಾರ್ಗದರ್ಶನದಲ್ಲಿ ಎಲ್ಲರೂ ಸೇರಿ ಕೆಲಸ ಮಾಡಲಾಯಿತು. ಅದರಲ್ಲಿ ನನ್ನದೂ ಸ್ವಲ್ಪ ಅಳಿಲು ಸೇವೆ ಇದೆ ಎನ್ನಬಹುದೇನೋ.’

ಅವಳ ಕೆಲಸ ನನಗೆ ಗೊತ್ತಿತ್ತು. ಅರವತ್ತು ಸಾವಿರ ಫೈಲುಗಳ ಜೋಡಣೆಯನ್ನು ಬುಡದಿಂದ ಬದಲಿಸಿದವಳು ಅವಳೇ. ‘ಇದರಲ್ಲಿ ನೀನೆಲ್ಲಿದ್ದೀಯ?’ ಎಂದೆ. ‘ಅಷ್ಟು ಬರೆಯೋಕೇ ಮೈ ಮುದುಡಿತು ಕಣೇ. ತನ್ನನ್ನು ತಾನೇ ಹೊಗಳಿಕೊಳ್ಳೋದು ಹೇಗೆ?’ ಎಂದಳು.

ತುಂಬಿದ ಕೊಡ ತುಳುಕುವುದಿಲ್ಲ ಎಂದು ಕೇಳುತ್ತಾ ಬೆಳೆದವರಿಗೆ ಈ ಮುದುಡುವಿಕೆ ಚೆನ್ನಾಗಿ ಗೊತ್ತು. ಆ ಪಾಠ ತಪ್ಪು ಎಂದು ನಾನು ಹೇಳುವುದಿಲ್ಲ. ಅದು ಎದುರುಬದುರು ಬದುಕುವವರ ನಡುವೆ ಹುಟ್ಟಿದ ಪಾಠ. ಅಲ್ಲಿ ನಿಮ್ಮ ಕೆಲಸ ಎಲ್ಲರ ಕಣ್ಣಿಗೂ ಬೀಳುತ್ತದೆ, ನೀವು ಬಾಯಿ ಬಿಡಬೇಕಾಗಿಲ್ಲ. ಅರ್ಜಿ ಓದುವವರಾದರೋ ನಿಮ್ಮನ್ನು ನೋಡಿಲ್ಲ. ನೀವು ಬರೆಯದಿದ್ದರೆ ಅವರಿಗೆ ತಿಳಿಸುವವರು ಬೇರೆ ಯಾರೂ ಇಲ್ಲ. ನಾನು ಕೆಲವು ವರ್ಷ ಇಂಥ ಅರ್ಜಿಗಳನ್ನು ಓದುವ ಸಮಿತಿಯಲ್ಲಿ ಕೂತಿದ್ದೆ. ‘ಎಲ್ಲರೂ ಸೇರಿ ಮಾಡಲಾಯಿತು’ ಎಂದು ಬರೆದ ಅರ್ಜಿಯನ್ನು ಓದಿ ‘ಎಂಥ ವಿನಯ’ ಎಂದವರನ್ನು ನಾನು ಅಲ್ಲಿ ಕಾಣಲಿಲ್ಲ. ‘ಇವರು ಏನು ಮಾಡಿದ್ದಾರೆ ಅಂತ ಗೊತ್ತಾಗ್ತಿಲ್ಲ’ ಎಂದು ಮುಂದಿನ ಹಾಳೆಗೆ ಹೋಗುತ್ತಿದ್ದೆವು.

ಆ ಖಾನೆಯನ್ನು ಇಬ್ಬರೂ ಕೂತು ಮತ್ತೆ ಬರೆದೆವು. ನಾಲ್ಕು ಸಂಜೆ ಹಿಡಿಯಿತು. ಅವಳು ಹೋದ ದಾರಿಯನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಬಡ್ತಿಯ ಅರ್ಜಿ, ಕೆಲಸದ ಅರ್ಜಿ, ವರ್ಷದ ಕೊನೆಯ ಸ್ವಮೌಲ್ಯಮಾಪನ ಮೂರಕ್ಕೂ ಇದು ಹೊಂದುತ್ತದೆ.

ಮೊದಲ ಸಂಜೆ: ಬರೆಯಬೇಡಿ, ಹುಡುಕಿ

ಸಂಕೋಚದವರು ಖಾಲಿ ಹಾಳೆ ಮುಂದೆ ಕೂತರೆ ‘ನಾನು ಅಂಥದ್ದೇನೂ ಮಾಡಿಲ್ಲ’ ಎಂಬ ಮಾತೇ ಮೊದಲು ಬರುತ್ತದೆ. ಮಾಡಿದ್ದನ್ನು ಮನಸ್ಸಿನಲ್ಲಿ ಎಣಿಸುವ ಅಭ್ಯಾಸವೇ ಇಲ್ಲದಿದ್ದರೆ ಕೇಳಿದ ತಕ್ಷಣ ಅದು ನೆನಪಿಗೆ ಬರುವುದಿಲ್ಲ. ಆದ್ದರಿಂದ ನೆನಪನ್ನು ನಂಬಬೇಡಿ, ಕೆಲಸ ಬಿಟ್ಟುಹೋದ ಗುರುತುಗಳನ್ನು ಹುಡುಕಿ. ಕಳಿಸಿದ ಇಮೇಲುಗಳು, ಹಳೆಯ ಡೈರಿ, ಹಾಜರಿ ಮತ್ತು ದಾಸ್ತಾನು ಪುಸ್ತಕಗಳು, ಫೋನಿನಲ್ಲಿ ತೆಗೆದ ಫೋಟೋಗಳು, ಯಾರಿಗೋ ಕೆಲಸ ಕಲಿಸುವಾಗ ಗೀಚಿಕೊಟ್ಟ ಚೀಟಿ, ಎಲ್ಲವೂ ಬೇಕು. ಒಂದೂವರೆ ಗಂಟೆ ಸಾಕು. ಸಿಕ್ಕಿದ್ದನ್ನು ಒಂದೊಂದು ಸಾಲಿನಲ್ಲಿ ಗುರುತು ಹಾಕಿಕೊಳ್ಳಿ, ಚೆಂದ ಮಾಡಲು ಹೋಗಬೇಡಿ.

ಗೆಳತಿಗೆ ಸಿಕ್ಕಿದ್ದು ‘ಸಿಗದ ಫೈಲುಗಳ’ ಪುಸ್ತಕ. ರೋಗಿ ಬಂದಾಗ ಫೈಲು ಸಿಗದಿದ್ದರೆ ಆ ಸಂಖ್ಯೆಯನ್ನು ಅದರಲ್ಲಿ ಬರೆಯುತ್ತಿದ್ದರು. ಅವಳು ಅದನ್ನು ಸಾಧನೆಯ ದಾಖಲೆ ಎಂದು ಯಾವತ್ತೂ ನೋಡಿರಲಿಲ್ಲ. ಹಳೆಯ ಜೋಡಣೆ ಇದ್ದಾಗ ಒಂದು ತಿಂಗಳಲ್ಲಿ 94 ಸಂಖ್ಯೆಗಳು. ಜೋಡಣೆ ಬದಲಾಗಿ ಎಲ್ಲ ಒಂದು ಹದಕ್ಕೆ ಬಂದ ಮೇಲೆ, ಮರುವರ್ಷ ಅದೇ ತಿಂಗಳಲ್ಲಿ 21. ಪುಟ ತಿರುಗಿಸುತ್ತಾ ಅವಳು ಸ್ವಲ್ಪ ಹೊತ್ತು ಸುಮ್ಮನಾದಳು.

ಇದರ ಜೊತೆಗೆ ಇಬ್ಬರು ಮೂವರು ಸಹೋದ್ಯೋಗಿಗಳಿಗೆ ಒಂದೇ ಒಂದು ಪ್ರಶ್ನೆ ಕೇಳಿ: ‘ನಾನು ರಜೆಯಲ್ಲಿದ್ದಾಗ ಯಾವ ಕೆಲಸ ನಿಂತುಹೋಗುತ್ತೆ?’ ‘ನನ್ನಲ್ಲಿ ಒಳ್ಳೆಯ ಗುಣ ಏನಿದೆ?’ ಎಂದು ಕೇಳಬೇಡಿ. ಹಾಗೆ ಕೇಳಿದರೆ ನಿಮಗೂ ಮುಜುಗರ, ಅವರೂ ‘ನೀವು ತುಂಬಾ ಒಳ್ಳೆಯವರು’ ಎಂದು ಮುಗಿಸಿಬಿಡುತ್ತಾರೆ. ರಜೆಯ ಪ್ರಶ್ನೆಗೆ ಮಾತ್ರ ನಿಜವಾದ ಉತ್ತರ ಬರುತ್ತದೆ. ನನ್ನ ಗೆಳತಿಗೆ ಬಂದ ಉತ್ತರ: ‘ಒಬ್ಬರದೇ ಹಳೇ ಫೈಲು ಎರಡು ಸಂಖ್ಯೆ ಆಗಿ ಒಡೆದುಹೋಗಿದ್ರೆ ಅದನ್ನು ಒಂದು ಮಾಡೋದು ನಿಮಗೇ ಗೊತ್ತು. ನೀವು ಬರೋವರೆಗೂ ಅದನ್ನು ಎತ್ತಿಡ್ತೀವಿ.’ ಈ ಕೆಲಸ ಅವಳ ಪಟ್ಟಿಯಲ್ಲೇ ಇರಲಿಲ್ಲ. ನಮಗೆ ಸಲೀಸಾಗಿ ಬರುವ ಕೆಲಸ ನಮ್ಮ ಕಣ್ಣಿಗೆ ಕೆಲಸದ ಹಾಗೆಯೇ ಕಾಣುವುದಿಲ್ಲ, ಅಲ್ವಾ?

ಎರಡನೇ ಸಂಜೆ: ಕ್ರಿಯಾಪದದ ಬಾಲ ನೋಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಕನ್ನಡದಲ್ಲಿ ಬರೆಯುವವರಿಗೆ ಜಾಸ್ತಿ ಅನ್ವಯಿಸುವ ಹಂತವೂ ಹೌದು.

ನಮ್ಮ ಭಾಷೆಯಲ್ಲಿ ಯಾರು ಮಾಡಿದರು ಎಂಬುದು ಕ್ರಿಯಾಪದದ ಕೊನೆಯಲ್ಲೇ ಕೂತಿರುತ್ತದೆ. ‘ಬದಲಿಸಿದೆ’, ‘ಬದಲಿಸಿದೆವು’, ‘ಬದಲಿಸಿದರು’, ‘ಬದಲಾಯಿತು’. ಮೊದಲನೆಯದರಲ್ಲಿ ನಾನಿದ್ದೇನೆ. ಎರಡನೆಯದರಲ್ಲಿ ಗುಂಪಿನೊಳಗೆ ಎಲ್ಲೋ ಇದ್ದೇನೆ. ಮೂರನೆಯದರಲ್ಲಿ ಇನ್ಯಾರೋ ಇದ್ದಾರೆ. ನಾಲ್ಕನೆಯದರಲ್ಲಿ ಯಾರೂ ಇಲ್ಲ, ಕೆಲಸ ತಾನಾಗೇ ನಡೆದುಬಿಟ್ಟಿದೆ. ಸಂಕೋಚ ಬಂದಾಗ ಕೈ ತಾನಾಗಿ ಕೊನೆಯ ರೂಪದ ಕಡೆಗೇ ಜಾರುತ್ತದೆ. ನಮ್ಮನ್ನು ಮರೆಮಾಡಿಕೊಳ್ಳಲು ಕನ್ನಡ ಬಹಳ ಅನುಕೂಲವಾದ ಭಾಷೆ. ವ್ಯಾಕರಣ ತಪ್ಪುವುದಿಲ್ಲ, ವಾಕ್ಯವೂ ಗಂಭೀರವಾಗಿ ಕೇಳಿಸುತ್ತದೆ, ಬರೆದವರು ಮಾತ್ರ ಕಾಣಿಸುವುದಿಲ್ಲ.

ಹಾಗಾಗಿ ನೀವು ಬರೆದ ಮೊದಲ ಕರಡನ್ನು ಮುಂದಿಟ್ಟುಕೊಂಡು ಪೆನ್ಸಿಲಿನಿಂದ ಈ ಮಾತುಗಳ ಕೆಳಗೆ ಗೆರೆ ಎಳೆಯಿರಿ: ಆಯಿತು, ಆದವು, ಮಾಡಲಾಯಿತು, ನಾವು, ಎಲ್ಲರೂ ಸೇರಿ, ಅವಕಾಶ ಸಿಕ್ಕಿತು, ಪ್ರಯತ್ನಿಸಿದ್ದೇನೆ, ಸ್ವಲ್ಪ, ಕೈಲಾದಷ್ಟು, ಎನ್ನಬಹುದು, ಏನೋ. ಗೆಳತಿಯ ಮೂರು ವಾಕ್ಯಗಳಲ್ಲಿ ಆರು ಗೆರೆ ಬಿದ್ದವು.

ಪ್ರತಿ ಗೆರೆಯ ಹತ್ತಿರ ನಿಂತು ‘ಇದನ್ನು ಮಾಡಿದ್ದು ಯಾರು?’ ಎಂದು ಕೇಳಿ. ಉತ್ತರ ‘ನಾನು’ ಎಂದಾದರೆ ಕ್ರಿಯಾಪದವನ್ನು ಬದಲಿಸಿ. ‘ಸುಧಾರಣೆಗಳು ಆದವು’ ಎಂಬುದು ‘ಜೋಡಣೆಯ ಕ್ರಮವನ್ನು ಬದಲಿಸಿದೆ’ ಎಂದಾಗುತ್ತದೆ. ಹೊಗಳಿಕೆ ಒಂದಿಷ್ಟೂ ಸೇರಿಲ್ಲ, ವಾಕ್ಯಕ್ಕೆ ಯಜಮಾನರು ಬಂದರು ಅಷ್ಟೇ. ಉತ್ತರ ‘ಯಾರೂ ಮಾಡಲಿಲ್ಲ, ತಾನಾಗಿ ಆಯಿತು’ ಎಂದಿದ್ದರೆ ಅದನ್ನು ಹಾಗೇ ಬಿಡಿ. ಹೊಸ ಕಟ್ಟಡ ಬಂತು, ರೋಗಿಗಳ ಸಂಖ್ಯೆ ಹೆಚ್ಚಿತು, ಇವಕ್ಕೆಲ್ಲ ‘ನಾನು’ ಬೇಕಿಲ್ಲ.

‘ಪ್ರಯತ್ನಿಸಿದ್ದೇನೆ’ ಎಂಬ ಪದದ ಬಗ್ಗೆ ಎರಡು ಮಾತು. ನಾವು ಅದನ್ನು ವಿನಯಕ್ಕೆ ಬಳಸುತ್ತೇವೆ. ಓದುವವರಿಗೆ ಅದು ‘ಮುಗಿಸಿಲ್ಲ’ ಎಂದೇ ಕೇಳಿಸುತ್ತದೆ. ಮುಗಿದ ಕೆಲಸಕ್ಕೆ ಅದನ್ನು ಬರೆಯಬೇಡಿ. ‘ಅವಕಾಶ ಸಿಕ್ಕಿತು’ ಎಂಬುದೂ ಹೀಗೆಯೇ. ಅವಕಾಶ ಸಿಕ್ಕಮೇಲೆ ಏನು ಮಾಡಿದಿರಿ ಎಂಬುದು ಬರಲಿ, ಸಿಕ್ಕಿತು ಎಂಬಲ್ಲಿಗೇ ವಾಕ್ಯ ನಿಲ್ಲುವುದು ಬೇಡ.

‘ಹೀಗೆ ಬರೆದರೆ ಸಾಲು ಸಾಲಿಗೂ ನಾನು, ನಾನು ಅಂತ ಆಗಲ್ವಾ?’ ಎಂದು ಗೆಳತಿ ಕೇಳಿದಳು. ಆಗುವುದಿಲ್ಲ. ನಮ್ಮಲ್ಲಿ ಕ್ರಿಯಾಪದವೇ ‘ನಾನು’ ಎಂಬುದನ್ನು ಹೊತ್ತುಕೊಂಡಿರುವುದರಿಂದ ಸರ್ವನಾಮವನ್ನು ಪದೇ ಪದೇ ಬರೆಯಬೇಕಾಗಿಲ್ಲ. ‘ಸೂಚಿಸಿದೆ, ಪಟ್ಟಿ ಮಾಡಿದೆ, ಕಲಿಸಿದೆ’ ಎಂದರೆ ಸಾಕು. ಆದರೆ ಒಂದು ಎಚ್ಚರ ಬೇಕು. ‘ಬದಲಿಸಿದೆ’ ಎಂಬ ಪದಕ್ಕೆ ‘ನಾನು ಬದಲಿಸಿದೆ’ ಎಂಬ ಅರ್ಥವೂ ಇದೆ, ‘ಅದು ಬದಲಿಸಿದೆ’ ಎಂಬ ಅರ್ಥವೂ ಇದೆ. ‘ಫೈಲು ಹುಡುಕುವ ರೀತಿಯನ್ನು ಬದಲಿಸಿದೆ’ ಎಂದು ಒಂಟಿ ವಾಕ್ಯ ಬರೆದರೆ ಹೊಸ ಪದ್ಧತಿ ಬದಲಿಸಿದೆಯೋ ನೀವು ಬದಲಿಸಿದಿರೋ ತಿಳಿಯುವುದಿಲ್ಲ. ಆದ್ದರಿಂದ ಪ್ಯಾರಾದ ಶುರುವಿನಲ್ಲಿ ಒಮ್ಮೆ ‘ನಾನು’ ಎಂದು ಸ್ಪಷ್ಟವಾಗಿ ಬರೆಯಿರಿ. ಮಧ್ಯೆ ಬೇರೆ ಯಾರದಾದರೂ ಮಾತು ಬಂದು ಹೋದ ಮೇಲೆ ಇನ್ನೊಮ್ಮೆ ಬರೆಯಿರಿ. ಉಳಿದದ್ದನ್ನು ಕ್ರಿಯಾಪದ ನೋಡಿಕೊಳ್ಳುತ್ತದೆ.

‘ನಾವು’ ಎಂಬುದನ್ನು ಬಿಡಿಸುವುದು

ಗೆಳತಿ ಅತಿ ಹೆಚ್ಚು ತಡವರಿಸಿದ್ದು ಇಲ್ಲಿ. ‘ಎಲ್ಲಾ ನಾನೇ ಮಾಡಿದೆ ಅಂತ ಬರೆದರೆ ಉಳಿದವರಿಗೆ ಮೋಸ ಮಾಡಿದ ಹಾಗೆ’ ಎಂದಳು. ಅವಳ ಅಳುಕಿಗೆ ಅರ್ಥವಿದೆ. ಮೈಕಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಗಂಡ ಹೆಂಡತಿ ಇಬ್ಬರನ್ನೂ ಬೇರೆ ಬೇರೆಯಾಗಿ ‘ಮನೆಯ ಈ ಕೆಲಸದಲ್ಲಿ ನಿಮ್ಮ ಪಾಲೆಷ್ಟು?’ ಎಂದು ಕೇಳಿದರು. ಹೆಚ್ಚಿನ ಜೋಡಿಗಳಲ್ಲಿ ಇಬ್ಬರ ಪಾಲು ಕೂಡಿಸಿದರೆ ಇಡೀ ಕೆಲಸಕ್ಕಿಂತ ಜಾಸ್ತಿ ಬಂತು. ಯಾರೂ ಬೇಕೆಂದು ಸುಳ್ಳು ಹೇಳಲಿಲ್ಲ. ತಾನು ಮಾಡಿದ್ದು ತನಗೆ ಚೆನ್ನಾಗಿ ನೆನಪಿರುತ್ತದೆ, ಇನ್ನೊಬ್ಬರು ಮಾಡಿದ್ದು ಅಷ್ಟು ನೆನಪಿರುವುದಿಲ್ಲ.

ಆದ್ದರಿಂದ ‘ನನ್ನ ಪಾಲು ಶೇಕಡಾ ಇಷ್ಟು’ ಎಂದು ಲೆಕ್ಕ ಹಾಕಲು ಹೋಗಬೇಡಿ. ಆ ಲೆಕ್ಕ ಯಾರಿಗೂ ಸರಿಯಾಗಿ ಬರುವುದಿಲ್ಲ. ಬದಲಿಗೆ ಕೆಲಸವನ್ನೇ ಬಿಡಿಸಿ. ಯೋಚನೆ ಯಾರಿಂದ ಬಂತು, ಒಪ್ಪಿಗೆ ಯಾರು ಕೊಟ್ಟರು, ಯೋಜನೆ ಯಾರು ಹಾಕಿದರು, ಕೈಯಿಂದ ಯಾರು ಮಾಡಿದರು, ಆಮೇಲೆ ಯಾರು ನಡೆಸಿಕೊಂಡು ಬಂದರು ಎಂದು ಒಂದೊಂದಾಗಿ ಬರೆದು ಪ್ರತಿಯೊಂದರ ಮುಂದೆ ಹೆಸರು ಹಾಕಿ.

ಗೆಳತಿಯ ಪಟ್ಟಿ ಹೀಗೆ ಬಂತು. ಹೊಸ ಪದ್ಧತಿಯ ಬಗ್ಗೆ ಮೊದಲು ಅವಳಿಗೆ ಹೇಳಿದ್ದು ನಿವೃತ್ತರಾದ ಹಿರಿಯ ಸಹೋದ್ಯೋಗಿ. ನಮ್ಮಲ್ಲೂ ಮಾಡೋಣ ಎಂದು ಬರೆದುಕೊಟ್ಟದ್ದು ಅವಳು. ಒಪ್ಪಿದ್ದು ಮೇಲಧಿಕಾರಿ. ಕೆಲಸ ನಿಲ್ಲಿಸದೆ ಸಾಗಿಸುವ ಯೋಜನೆ ಪೂರ್ತಿ ಅವಳದು. ಫೈಲು ಎತ್ತಿ ಜೋಡಿಸಿದ್ದು ನಾಲ್ಕು ಜನ, ಅವರಲ್ಲಿ ಅವಳೂ ಒಬ್ಬಳು. ಹೊಸಬರಿಗೆ ಕಲಿಸುತ್ತಿರುವುದು ಅವಳು.

ಪಟ್ಟಿ ಮುಗಿದ ಮೇಲೆ ‘ಎಲ್ಲರೂ ಸೇರಿ’ ಎಂಬ ಮಾತಿಗೆ ಜಾಗವೇ ಉಳಿಯಲಿಲ್ಲ. ಬೇರೆಯವರ ಪಾಲು ಮೊದಲಿಗಿಂತ ಸ್ಪಷ್ಟವಾಗಿ ಕಾಣಿಸಿತು. ‘ಹಿರಿಯರ ಮಾರ್ಗದರ್ಶನದಲ್ಲಿ’ ಎಂಬ ಮಸುಕು ಮಾತಿಗಿಂತ ‘ಈ ಪದ್ಧತಿಯನ್ನು ನನಗೆ ಮೊದಲು ತಿಳಿಸಿದವರು ಹಿರಿಯ ಸಹೋದ್ಯೋಗಿಯೊಬ್ಬರು’ ಎನ್ನುವುದರಲ್ಲಿ ಆ ಹಿರಿಯರಿಗೆ ನಿಜವಾದ ಗೌರವ ಇದೆ. ಕೃತಜ್ಞತೆ ಹೇಳಲೇಬೇಕು ಅನಿಸಿದರೆ ಹೀಗೆ ಹೇಳಿ, ಯಾರು ಏನು ಕೊಟ್ಟರು ಎಂದು ಹೇಳಿ.

ಮೂರನೇ ಸಂಜೆ: ಗುಣವಾಚಕ ತೆಗೆಯಿರಿ, ಮುಂಚೆ ಏನಿತ್ತು ಎಂದು ಹೇಳಿ

ಈ ಹೊತ್ತಿಗೆ ಇನ್ನೊಂದು ಅಪಾಯ ಎದುರಾಗುತ್ತದೆ. ‘ಧೈರ್ಯವಾಗಿ ಬರೆ’ ಎಂದು ಯಾರಾದರೂ ಹೇಳಿದರೆ ಸಂಕೋಚದವರು ತಟ್ಟನೆ ಇನ್ನೊಂದು ತುದಿಗೆ ಹೋಗಿಬಿಡುತ್ತಾರೆ. ಯಾವುದೋ ಮಾದರಿ ಅರ್ಜಿ ನೋಡಿ ‘ನಾನು ಅತ್ಯಂತ ಶ್ರದ್ಧೆಯುಳ್ಳ, ಶಿಸ್ತಿನ, ನಾಯಕತ್ವ ಗುಣವುಳ್ಳ ವ್ಯಕ್ತಿ’ ಎಂದು ಬರೆಯುತ್ತಾರೆ. ಗೆಳತಿಯ ಎರಡನೇ ಕರಡು ಹೀಗೇ ಇತ್ತು. ಓದಿ ಅವಳಿಗೇ ಅಸಹ್ಯವಾಯಿತು. ‘ನೋಡು, ಇದಕ್ಕೇ ನಾನು ಬರೆಯಲ್ಲ ಅಂದಿದ್ದು’ ಎಂದಳು.

ಅವಳಿಗೆ ಅಸಹ್ಯವಾದದ್ದು ಸರಿಯಾಗಿಯೇ ಇತ್ತು. ಶ್ರದ್ಧೆ, ಶಿಸ್ತು ಎಂಬುವು ತೀರ್ಪಿನ ಪದಗಳು. ತೀರ್ಪು ಕೊಡಬೇಕಾದವರು ಓದುವವರು. ನಮ್ಮ ಕೆಲಸ ಸಾಕ್ಷಿ ಹೇಳುವುದು. ಏನು ನೋಡಿದೆ, ಏನು ಮಾಡಿದೆ, ಆಮೇಲೆ ಏನಾಯಿತು ಎಂಬಷ್ಟನ್ನು ಹೇಳಿದರೆ ಅದರಲ್ಲಿ ಹೊಗಳಿಕೆ ಎಲ್ಲಿಂದ ಬರಬೇಕು? ಚಿಕ್ಕಂದಿನಲ್ಲಿ ಬೇಡ ಎಂದು ಕಲಿಸಿದ್ದು ತೀರ್ಪನ್ನು. ಸಾಕ್ಷಿ ಹೇಳಬೇಡ ಎಂದು ಯಾರೂ ಕಲಿಸಿಲ್ಲ.

ಸಾಕ್ಷಿಗೆ ಬೇಕಾದ ಮೊದಲ ವಿಷಯ ‘ಮುಂಚೆ ಹೇಗಿತ್ತು’ ಎಂಬುದು. ಇದನ್ನು ಬಿಟ್ಟರೆ ಎಂಥ ದೊಡ್ಡ ಕೆಲಸವೂ ಚಿಕ್ಕದಾಗಿ ಕಾಣುತ್ತದೆ. ‘ಫೈಲುಗಳನ್ನು ಕೊನೆಯ ಎರಡು ಅಂಕಿಯ ಪ್ರಕಾರ ಜೋಡಿಸಿದೆ’ ಎಂದರೆ ಹೊರಗಿನವರಿಗೆ ಏನು ತಿಳಿಯುತ್ತದೆ? ಅವಳಿಗೆ ಬಾಯಲ್ಲಿ ಹೇಳು ಎಂದೆ. ಕೈಯಾಡಿಸುತ್ತಾ ಶುರು ಮಾಡಿದಳು.

ಮೊದಲು ಫೈಲುಗಳು ಕ್ರಮಸಂಖ್ಯೆಯಲ್ಲಿ ನಿಂತಿದ್ದವು. ಹೊಸ ರೋಗಿಗಳ ಫೈಲುಗಳೆಲ್ಲ ಕೊನೆಯ ಎರಡು ರ‍್ಯಾಕುಗಳಿಗೇ ಸೇರುತ್ತಿದ್ದವು. ದಿನವೂ ಬೇಕಾಗುವುದು ಹೊಸ ಫೈಲುಗಳೇ ಆದ್ದರಿಂದ ಎಲ್ಲರೂ ಅದೇ ಎರಡು ರ‍್ಯಾಕುಗಳ ನಡುವೆ ಮೈಗೆ ಮೈ ತಾಗಿಸಿಕೊಂಡು ಹುಡುಕಬೇಕಿತ್ತು. ಅವಸರದಲ್ಲಿ ವಾಪಸ್ ಇಡುವಾಗ ಫೈಲು ತಪ್ಪು ಜಾಗಕ್ಕೆ ಹೋಗುತ್ತಿತ್ತು. ಹೊಸ ಪದ್ಧತಿಯಲ್ಲಿ ಸಂಖ್ಯೆಯನ್ನು ಎರಡೆರಡು ಅಂಕಿಯಾಗಿ ಒಡೆದು ಹಿಂದಿನಿಂದ ಓದುತ್ತಾರೆ. 482163 ಎಂಬ ಫೈಲಿಗೆ ಮೊದಲು 63ನೇ ವಿಭಾಗಕ್ಕೆ ಹೋಗಬೇಕು, ಅದರೊಳಗೆ 21, ಆಮೇಲೆ 48. ಹೊಸ ಸಂಖ್ಯೆಗಳ ಕೊನೆಯ ಅಂಕಿಗಳು ಒಂದಾದ ಮೇಲೆ ಒಂದು ಬದಲಾಗುತ್ತಾ ಹೋಗುವುದರಿಂದ ಹೊಸ ಫೈಲುಗಳು 00ರಿಂದ 99ರವರೆಗಿನ ನೂರು ವಿಭಾಗಗಳಿಗೂ ಸಮನಾಗಿ ಹಂಚಿಹೋಗುತ್ತವೆ. ಒಂದೊಂದರಲ್ಲಿ ಸುಮಾರು ಆರುನೂರು. ಯಾರೂ ಯಾರನ್ನೂ ತಳ್ಳಬೇಕಿಲ್ಲ. ಬೇರೆ ಬೇರೆ ಬಣ್ಣದ ಚೀಟಿ ಅಂಟಿಸಿದರೆ ತಪ್ಪು ಜಾಗದಲ್ಲಿರುವ ಫೈಲು ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ.

ಇಷ್ಟನ್ನು ಹೇಳುವಾಗ ಅವಳ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಕೆಲಸದ ಬಗ್ಗೆ ಮಾತನಾಡುತ್ತಿದ್ದಳು, ತನ್ನ ಬಗ್ಗೆ ಮಾತನಾಡುತ್ತಿದ್ದೇನೆ ಎಂಬುದನ್ನೇ ಮರೆತಿದ್ದಳು. ನೀವೂ ಹೀಗೆ ಮಾಡಬಹುದು. ಬರೆಯಲು ಕೈ ಏಳದಿದ್ದರೆ ಕೆಲಸವನ್ನು ಹೊರಗಿನವರೊಬ್ಬರಿಗೆ ಬಾಯಲ್ಲಿ ವಿವರಿಸಿ. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಆಮೇಲೆ ಕೇಳಿ ಬರೆದುಕೊಳ್ಳಿ.

ಅಂಕಿಗಳ ವಿಷಯದಲ್ಲಿ ಕೈ ಬಿಗಿ ಇರಲಿ. ದಾಖಲೆಯಲ್ಲಿರುವ ಅಂಕಿಯನ್ನು ಮಾತ್ರ ಬರೆಯಿರಿ. ಎಲ್ಲಿಂದ ತೆಗೆದಿರಿ ಎಂದು ಜೊತೆಗೇ ಹೇಳಿ. ಅಂಕಿ ಇಲ್ಲದಿದ್ದರೆ ಸೃಷ್ಟಿಸಬೇಡಿ, ಕಣ್ಣಿಗೆ ಕಂಡ ಬದಲಾವಣೆಯನ್ನು ಹೇಳಿದರೂ ಸಾಕು. ‘ಮೊದಲು ಸಂಜೆ ಅರ್ಧ ಗಂಟೆ ತಡವಾಗಿ ಕೋಣೆ ಮುಚ್ಚುತ್ತಿದ್ದೆವು, ಈಗ ಸಮಯಕ್ಕೆ ಸರಿಯಾಗಿ ಮುಚ್ಚುತ್ತೇವೆ’ ಎಂಬುದೂ ಸಾಕ್ಷಿಯೇ. ಫಲಕ್ಕೆ ಬೇರೆ ಕಾರಣಗಳೂ ಇದ್ದರೆ ಅದನ್ನೂ ಹೇಳಿ. ಗೆಳತಿಯ ವಿಭಾಗದಲ್ಲಿ ಅದೇ ವರ್ಷ ಟ್ರೇಸರ್ ಕಾರ್ಡ್ ಪದ್ಧತಿಯೂ ಬಂದಿತ್ತು. ಅಂದರೆ ಫೈಲು ಹೊರಗೆ ಹೋದಾಗ ಅದರ ಜಾಗದಲ್ಲಿ ಯಾರು ಒಯ್ದರು ಎಂಬ ಕಾರ್ಡ್ ಇಡುವುದು. 94 ಇದ್ದದ್ದು 21ಕ್ಕೆ ಇಳಿಯಲು ಅದೂ ನೆರವಾಗಿದೆ. ಅದನ್ನು ಮುಚ್ಚಿಡದೆ ಬರೆದಳು. ಸಮಿತಿಯಲ್ಲಿ ಕೂತು ಓದಿದ ಅನುಭವದಿಂದ ಹೇಳುತ್ತೇನೆ, ಇಂಥ ಒಂದು ಸಾಲು ಕಂಡರೆ ಉಳಿದ ಸಾಲುಗಳ ಮೇಲೂ ನಂಬಿಕೆ ಬರುತ್ತದೆ.

ಕೈ ಕಟ್ಟಿಹೋದರೆ: ಬೇರೆಯವರ ಬಗ್ಗೆ ಬರೆದ ಹಾಗೆ

ಎಷ್ಟು ಮಾಡಿದರೂ ‘ನಾನು’ ಎಂದು ಬರೆಯಲು ಆಗದವರೂ ಇದ್ದಾರೆ. ಅವರು ಮೊದಲ ಕರಡನ್ನು ಮೂರನೆಯವರ ಬಗ್ಗೆ ಬರೆದಂತೆ ಬರೆಯಲಿ. ನಿಮ್ಮ ಹೆಸರು ಹಾಕಿ, ‘ಇವರು ಹೀಗೆ ಮಾಡಿದರು’ ಎಂದು ಹದಿನೈದು ನಿಮಿಷ ನಿಲ್ಲಿಸದೆ ಬರೆಯಿರಿ. ಈಥನ್ ಕ್ರಾಸ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ತಂಡ 2014ರಲ್ಲಿ ಇದಕ್ಕೆ ಹತ್ತಿರದ ವಿಷಯವೊಂದನ್ನು ತೋರಿಸಿಕೊಟ್ಟರು. ಒತ್ತಡದ ಹೊತ್ತಿನಲ್ಲಿ ಮನಸ್ಸಿನೊಳಗೆ ‘ನಾನು’ ಎನ್ನುವ ಬದಲು ತಮ್ಮ ಹೆಸರು ಹಿಡಿದು ಮಾತಾಡಿಕೊಂಡವರಿಗೆ ಆತಂಕ ಕಡಿಮೆ ಇತ್ತು. ತನ್ನಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಂತಾಗ ಕೆಲಸ ಕಣ್ಣಿಗೆ ಬೀಳುತ್ತದೆ.

ಆಮೇಲೆ ‘ಮಾಡಿದರು’ ಎಂದಿದ್ದಲ್ಲೆಲ್ಲ ‘ಮಾಡಿದೆ’ ಎಂದು ಬದಲಿಸಿ. ಇಲ್ಲಿ ಒಂದು ತೊಂದರೆ ಬರಬಹುದು. ಮೂರನೆಯವರ ಬಗ್ಗೆ ಬರೆಯುವಾಗ ಬೀಳ್ಕೊಡುಗೆ ಭಾಷಣದ ಧಾಟಿ ಬಂದುಬಿಡುತ್ತದೆ: ‘ಇವರು ಸದಾ ಹಸನ್ಮುಖಿ, ಕರ್ತವ್ಯನಿಷ್ಠೆಗೆ ಹೆಸರಾದವರು.’ ಅಂಥ ಸಾಲುಗಳನ್ನು ಹೊಡೆದುಹಾಕಿ. ‘ನಾನು’ ಎಂದು ಬದಲಿಸಿದಾಗ ಯಾವ ಸಾಲು ನಾಟಕದ ಮಾತಿನ ಹಾಗೆ ಕೇಳುತ್ತದೋ ಅದು ತೀರ್ಪಿನ ಸಾಲು. ಸಾಕ್ಷಿಯ ಸಾಲುಗಳು ಬದಲಿಸಿದ ಮೇಲೂ ಹಾಗೇ ನಿಲ್ಲುತ್ತವೆ.

ಐದರಲ್ಲಿ ಎಷ್ಟು ಅಂಕ ಎಂದು ಕೇಳಿದರೆ

ಕೆಲವು ಸ್ವಮೌಲ್ಯಮಾಪನಗಳಲ್ಲಿ ಬರೆಯುವುದರ ಜೊತೆಗೆ ನಮಗೆ ನಾವೇ ಅಂಕ ಕೊಡಬೇಕು. ಸಂಕೋಚದವರು ಕಣ್ಣುಮುಚ್ಚಿ ಮೂರು ಹಾಕುತ್ತಾರೆ. ಇದು ಬರೀ ಮಾಹಿತಿಯ ಕೊರತೆಯಿಂದ ಆಗುವುದಲ್ಲ. ಕ್ರಿಸ್ಟೀನ್ ಎಕ್ಸ್‌ಲಿ ಮತ್ತು ಜಡ್ ಕೆಸ್ಲರ್ ಎಂಬ ಅರ್ಥಶಾಸ್ತ್ರಜ್ಞರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ 20 ಪ್ರಶ್ನೆಗಳ ಪರೀಕ್ಷೆ ಕೊಟ್ಟು, ತಮ್ಮ ಸಾಧನೆಯನ್ನು ತಾವೇ ಅಳೆಯಲು ಹೇಳಿದರು. ಗಂಡಸರಷ್ಟೇ ಸರಿ ಉತ್ತರ ಕೊಟ್ಟಿದ್ದರೂ ಹೆಂಗಸರು ತಮ್ಮನ್ನು ಕೆಳಗೆ ಅಳೆದುಕೊಂಡರು. ಎಷ್ಟು ಉತ್ತರ ಸರಿಯಾಗಿದೆ ಎಂದು ಮೊದಲೇ ತಿಳಿಸಿದಾಗಲೂ ಈ ಅಂತರ ಹೋಗಲಿಲ್ಲ. ಅಂದರೆ ನಿಜ ಗೊತ್ತಿದ್ದರೂ ಕೈ ಕೆಳಗೇ ಇಳಿಯುತ್ತದೆ.

ಇದಕ್ಕೆ ನಾನು ಕಂಡುಕೊಂಡ ಉಪಾಯ ಒಂದೇ. ಅಂಕವನ್ನು ಕೊನೆಗೆ ಹಾಕಿ. ಮೊದಲು ಸಾಕ್ಷಿ ಬರೆಯಿರಿ. ಆಮೇಲೆ ನಮೂನೆಯಲ್ಲಿ ಮೂರು, ನಾಲ್ಕು, ಐದಕ್ಕೆ ಕೊಟ್ಟಿರುವ ವಿವರಣೆ ಓದಿ. ‘ನಿರೀಕ್ಷೆಗಿಂತ ಹೆಚ್ಚು’ ಎಂಬುದು ನಾಲ್ಕಾದರೆ, ನಿಮ್ಮ ಹುದ್ದೆಯಿಂದ ನಿರೀಕ್ಷೆ ಏನಿತ್ತು ಎಂದು ನೋಡಿ. ಗೆಳತಿಯ ಹುದ್ದೆಯ ಕೆಲಸ ಫೈಲು ತೆಗೆದುಕೊಡುವುದು ಮತ್ತು ವಾಪಸ್ ಇಡುವುದು. ಇಡೀ ಜೋಡಣೆ ಬದಲಿಸುವುದು ಅದರಲ್ಲಿರಲಿಲ್ಲ. ಆ ವಿವರಣೆಯ ಪ್ರಕಾರ ಅದಕ್ಕೆ ನಾಲ್ಕೇ ಆಗಬೇಕು, ಮನಸ್ಸು ಏನೇ ಹೇಳಲಿ.

ನಾಲ್ಕನೇ ಸಂಜೆ: ಮುಜುಗರವನ್ನು ಪರೀಕ್ಷಿಸುವುದು

ಬರೆದು ಮುಗಿದ ಮೇಲೂ ಮುಜುಗರ ಉಳಿಯುತ್ತದೆ. ಅದು ಪೂರ್ತಿ ಹೋಗಲಿ ಎಂದು ಕಾಯಬೇಡಿ. ಆದರೆ ಅದು ಎಲ್ಲಿದೆ ಎಂದು ನೋಡಿ. ಪ್ಯಾರಾವನ್ನು ಗಟ್ಟಿಯಾಗಿ ಓದಿ. ಹಿಂಸೆ ಶುರುವಿನಿಂದ ಕೊನೆಯವರೆಗೂ ಒಂದೇ ಸಮನಾಗಿ ಇದ್ದರೆ ಅದು ಬೆಳೆದು ಬಂದ ಅಭ್ಯಾಸದ್ದು, ಬಿಟ್ಟುಬಿಡಿ. ಒಂದೇ ಒಂದು ಪದದ ಹತ್ತಿರ, ಒಂದು ಅಂಕಿಯ ಹತ್ತಿರ ನಾಲಿಗೆ ತಡವರಿಸಿದರೆ ಅಲ್ಲಿ ಏನೋ ಹೆಚ್ಚು ಹೇಳಿದ್ದೀರಿ. ಗೆಳತಿ ಪ್ರತಿ ಸಲವೂ ‘ಸಂಪೂರ್ಣವಾಗಿ ಬದಲಿಸಿದೆ’ ಎಂಬಲ್ಲಿ ತಡೆಯುತ್ತಿದ್ದಳು. ಕೇಳಿದರೆ, ತೀರಾ ಹಳೆಯ ಫೈಲುಗಳ ಒಂದು ಕಪಾಟು ಇನ್ನೂ ಹಾಗೇ ಇತ್ತು. ‘ಸಂಪೂರ್ಣವಾಗಿ’ ಎಂಬುದನ್ನು ತೆಗೆದೆವು. ತಡವರಿಕೆ ನಿಂತಿತು.

ಕೊನೆಯದಾಗಿ, ಆ ಕೆಲಸವನ್ನು ಕಣ್ಣಾರೆ ಕಂಡ ಒಬ್ಬರಿಗೆ ತೋರಿಸಿ. ‘ಚೆನ್ನಾಗಿದೆಯಾ?’ ಎಂದು ಕೇಳಬೇಡಿ. ‘ಇದರಲ್ಲಿ ಹೆಚ್ಚು ಹೇಳಿದ್ದು ಯಾವುದು, ಕಡಿಮೆ ಹೇಳಿದ್ದು ಯಾವುದು?’ ಎಂದು ಕೇಳಿ. ಗೆಳತಿ ತೋರಿಸಿದ್ದು ಜೊತೆಯಲ್ಲಿ ಫೈಲು ಎತ್ತಿದ ಸಹೋದ್ಯೋಗಿಗೆ. ಅವರು ಓದಿ, ‘ಕೌಂಟರ್ ಒಂದು ದಿನವೂ ಮುಚ್ಚಲಿಲ್ಲ ಅಂತ ಬರೆದೇ ಇಲ್ವಲ್ಲ ನೀವು?’ ಎಂದರಂತೆ.

ಕೊನೆಗೆ ಆ ಖಾನೆಯಲ್ಲಿ ಹೋದದ್ದು ಇದು:

‘ನಮ್ಮ ದಾಖಲೆ ಕೋಣೆಯಲ್ಲಿ ಸುಮಾರು 60,000 ಫೈಲುಗಳಿವೆ. ಮೊದಲು ಅವು ಕ್ರಮಸಂಖ್ಯೆಯಲ್ಲಿದ್ದವು. ಹೊಸ ಫೈಲುಗಳೆಲ್ಲ ಕೊನೆಯ ಎರಡು ರ‍್ಯಾಕುಗಳಲ್ಲೇ ಸೇರಿ, ತಪ್ಪು ಜಾಗಕ್ಕೆ ಹೋಗುವುದು ಹೆಚ್ಚಿತ್ತು. ಹಿರಿಯ ಸಹೋದ್ಯೋಗಿಯೊಬ್ಬರು ತಿಳಿಸಿದ ಕೊನೆಯ ಎರಡಂಕಿಯ ಪದ್ಧತಿಯನ್ನು ಅಳವಡಿಸಲು ನಾನು ಲಿಖಿತವಾಗಿ ಸೂಚಿಸಿದೆ. ಮೇಲಧಿಕಾರಿಗಳು ಒಪ್ಪಿದ ಮೇಲೆ, ಕೌಂಟರ್ ಒಂದು ದಿನವೂ ಮುಚ್ಚದಂತೆ ನಾಲ್ಕು ತಿಂಗಳ ಯೋಜನೆ ಹಾಕಿದೆ. ಇತರ ಮೂವರೊಂದಿಗೆ ಫೈಲುಗಳನ್ನು ಸಾಗಿಸಿ ಜೋಡಿಸಿದೆ. ಹಳೆಯ ಜೋಡಣೆಯಲ್ಲಿ ಒಂದು ತಿಂಗಳಿಗೆ 94 ಫೈಲುಗಳು ಸಿಗದೆ ಹೋಗಿದ್ದವು. ಬದಲಾವಣೆಯ ನಂತರ, ಮರುವರ್ಷ ಅದೇ ತಿಂಗಳಲ್ಲಿ ಆ ಸಂಖ್ಯೆ 21 (ಸಿಗದ ಫೈಲುಗಳ ಪುಸ್ತಕದಿಂದ). ಆ ವರ್ಷ ಬಂದ ಟ್ರೇಸರ್ ಕಾರ್ಡ್ ಕೂಡ ಇದಕ್ಕೆ ನೆರವಾಯಿತು. ಹೊಸ ಸಿಬ್ಬಂದಿಗೆ ಈ ಪದ್ಧತಿಯನ್ನು ಈಗ ನಾನೇ ಕಲಿಸುತ್ತಿದ್ದೇನೆ.’

ಹತ್ತು ವಾಕ್ಯಗಳು. ‘ನಾನು’ ಎಂಬ ಪದ ಬಂದದ್ದು ಎರಡೇ ಸಲ. ಹೊಗಳಿಕೆಯ ಪದ ಒಂದೂ ಇಲ್ಲ.

ಸಂದರ್ಶನದಲ್ಲಿ ಅವಳನ್ನು ‘ನಿಮ್ಮ ಬಗ್ಗೆ ಹೇಳಿ’ ಎಂದು ಯಾರೂ ಕೇಳಲಿಲ್ಲವಂತೆ. ಒಬ್ಬರು ಹಾಳೆಯ ಮೇಲೆ ಬೆರಳಿಟ್ಟು, ‘ಕೌಂಟರ್ ಮುಚ್ಚದೆ ಅರವತ್ತು ಸಾವಿರ ಫೈಲು ಹೇಗೆ ಸಾಗಿಸಿದಿರಿ?’ ಎಂದು ಕೇಳಿದರು. ‘ಒಂದು ಸಂಜೆಗೆ ಒಂದೇ ವಿಭಾಗ ಸರ್. ಸಾಗಿಸಿದ ವಿಭಾಗದ ರ‍್ಯಾಕಿಗೆ ಹಸಿರು ಚೀಟಿ ಅಂಟಿಸ್ತಿದ್ವಿ. ಬೆಳಿಗ್ಗೆ ಬಂದವರು ಚೀಟಿ ನೋಡಿ ಹಳೇ ಕಡೆ ಹುಡುಕಬೇಕೋ ಹೊಸ ಕಡೆಯೋ ಅಂತ ತಿಳ್ಕೊಳ್ತಿದ್ರು’ ಎಂದು ಅವಳು ಶುರು ಮಾಡಿದಳಂತೆ. ಇಪ್ಪತ್ತು ನಿಮಿಷ ಅದೇ ಮಾತು ನಡೆಯಿತು.